ರಜೆಯ ಒಂಬತ್ತು ದಿನಗಳಿಗೆ ನಾನು ಕೇಳಿಕೊಂಡ ಎರಡು ಕೆಲಸಗಳು

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ತೆರಿಗೆ ಮತ್ತು ಸರಬರಾಜುದಾರರ ಪಾವತಿ ನನ್ನ ಪಾಲಿನ ಕೆಲಸ. ಈ ಕೆಲಸದಲ್ಲಿರುವವರಿಗೆ ತಿಂಗಳೆಂದರೆ ನಾಲ್ಕು ತಾರೀಕುಗಳು: 7ರೊಳಗೆ ಪಾವತಿಗಳಲ್ಲಿ ಮುರಿದುಕೊಂಡ ತೆರಿಗೆಯಾದ ಟಿಡಿಎಸ್ ಕಟ್ಟಬೇಕು, 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಬೇಕು, 15ರೊಳಗೆ ನೌಕರರ ಭವಿಷ್ಯನಿಧಿ ಪಿಎಫ್ ಮತ್ತು ಆರೋಗ್ಯವಿಮೆ ಇಎಸ್‌ಐ ಕಟ್ಟಬೇಕು, 20ರೊಳಗೆ ತಿಂಗಳ ಒಟ್ಟು ಜಿಎಸ್‌ಟಿ ಲೆಕ್ಕವಾದ ಜಿಎಸ್‌ಟಿಆರ್-3ಬಿ ಮುಗಿಸಬೇಕು. ಕಳೆದ ಅಕ್ಟೋಬರ್ ಮಧ್ಯದಲ್ಲಿ ನನ್ನ ತಾಯಿಯ ಮಂಡಿ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದಲ್ಲಿ ದಿನ ಗೊತ್ತಾಯಿತು. ನವೆಂಬರ್ 6ರಿಂದ 15ರವರೆಗೆ, ಅಂದರೆ ಭಾನುವಾರ ಬಿಟ್ಟು ಒಂಬತ್ತು ಕೆಲಸದ ದಿನ, ನಾನು ಊರಿನಲ್ಲಿರಬೇಕಾಯಿತು. ನಾಲ್ಕರಲ್ಲಿ ಮೂರು ತಾರೀಕುಗಳು ಆ ದಿನಗಳೊಳಗೇ ಬೀಳುತ್ತಿದ್ದವು.

ರಜೆ ಮಂಜೂರಾಗುವುದು ಕಷ್ಟವಿರಲಿಲ್ಲ. ನನ್ನನ್ನು ಕಾಡಿದ್ದು ಅದಕ್ಕೂ ಎರಡು ವರ್ಷ ಹಿಂದಿನ ಒಂದು ರಜೆಯ ನೆನಪು. ಆಗ ಜೂನ್ ಮೊದಲ ವಾರ ಹೊರಡುವ ಅವಸರದಲ್ಲಿ, ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರ ಬಳಿ ನಿಂತು, ‘ನಾನಿಲ್ಲದಾಗ ಟಿಡಿಎಸ್ ಸ್ವಲ್ಪ ನೋಡಿಕೊಳ್ಳಿ’ ಎಂದಷ್ಟೇ ಹೇಳಿ ಹೋಗಿದ್ದೆ. ಅವರು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಚಲನ್ ತಯಾರಿಸಿ, ನೆಟ್ ಬ್ಯಾಂಕಿಂಗ್ ಆರಿಸಿ, ಬ್ಯಾಂಕಿನ ಪುಟದಲ್ಲಿ ‘ಸಲ್ಲಿಸಲಾಗಿದೆ’ ಎಂಬ ಸಂದೇಶ ಕಂಡೊಡನೆ ಕೆಲಸ ಮುಗಿಯಿತೆಂದು ತಿಳಿದರು. ಕಂಪನಿಯ ಖಾತೆಯಲ್ಲಿ ಒಬ್ಬರು ಪಾವತಿ ಸಲ್ಲಿಸಿದರೆ ಇನ್ನೊಬ್ಬರು ಅನುಮೋದಿಸಬೇಕು. ಅಲ್ಲಿಯವರೆಗೆ ಹಣ ಕದಲುವುದಿಲ್ಲ. ಆ ಅನುಮೋದನೆ 8ರ ಬೆಳಿಗ್ಗೆ ಆಯಿತು. ತಡವಾಗಿದ್ದು ಒಂದೇ ದಿನ. ಆದರೆ ಟಿಡಿಎಸ್ ಬಡ್ಡಿಯನ್ನು ಕಡಿತ ಮಾಡಿದ ದಿನದಿಂದ ತಿಂಗಳಿಗೆ ಶೇಕಡಾ 1.5ರಂತೆ ಲೆಕ್ಕ ಹಾಕುತ್ತಾರೆ, ತಿಂಗಳ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ. ಮೇ ತಿಂಗಳ ಕಡಿತಕ್ಕೆ ಜೂನ್ 8ರಂದು ಕಟ್ಟಿದ್ದರಿಂದ ಎರಡು ತಿಂಗಳ ಬಡ್ಡಿಯಾಗಿ, 64,000 ರೂಪಾಯಿಗೆ 1,920 ರೂಪಾಯಿ ತೆರಬೇಕಾಯಿತು. ಮೊತ್ತ ದೊಡ್ಡದಲ್ಲ. ಆದರೆ ಸಭೆಯಲ್ಲಿ ವಿವರಣೆ ಕೊಡಬೇಕಾಗಿ ಬಂದದ್ದು ಅವರಿಗೆ, ಮತ್ತು ಅವರಿಗೆ ಹೇಳಬೇಕಾದದ್ದನ್ನು ಹೇಳದೆ ಹೋದವರು ನಾನು. ಆ ದಿನ ಅವರ ಮುಖ ಸಣ್ಣದಾಗಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಆದ್ದರಿಂದ ಈ ಬಾರಿ ಯಾರನ್ನು ಕೇಳುವುದು ಎಂದು ಯೋಚಿಸುವ ಮೊದಲು, ಏನನ್ನು ಕೇಳುವುದು ಎಂದು ಬರೆಯಲು ಕುಳಿತೆ. ಹಿಂದಿನ ಮೂರು ತಿಂಗಳ ಕ್ಯಾಲೆಂಡರ್ ತೆರೆದು, 6ರಿಂದ 15ರ ನಡುವೆ ನಾನು ನಿಜವಾಗಿ ಮಾಡಿದ ಕೆಲಸಗಳನ್ನೆಲ್ಲ ಪಟ್ಟಿ ಮಾಡಿದೆ. ಹನ್ನೊಂದು ಕೆಲಸಗಳಾದವು. ಪ್ರತಿಯೊಂದರ ಮುಂದೆಯೂ ಎರಡು ಪ್ರಶ್ನೆ ಇಟ್ಟುಕೊಂಡೆ: ಇದನ್ನು ನಾನು 5ರೊಳಗೆ ಮುಗಿಸಬಹುದೇ, ಇಲ್ಲವಾದರೆ 17ರವರೆಗೆ ಕಾಯಿಸಬಹುದೇ? ಗುತ್ತಿಗೆದಾರರ ಬಿಲ್ಲುಗಳನ್ನು 3ರೊಳಗೆ ಕೊಡಿಸಿಕೊಂಡರೆ ಟಿಡಿಎಸ್ ಅನ್ನು 5ರಂದೇ ಕಟ್ಟಬಹುದಿತ್ತು. ಸಂಬಳದ ಲೆಕ್ಕ ತಿಂಗಳ ಕೊನೆಗೇ ಸಿದ್ಧವಾಗುವುದರಿಂದ ಪಿಎಫ್ ಮತ್ತು ಇಎಸ್‌ಐ 15ರವರೆಗೆ ಕಾಯಬೇಕಾಗಿರಲಿಲ್ಲ; ಅದು ಬರಿಯ ರೂಢಿ. ಖರೀದಿಯ ಹೊಂದಾಣಿಕೆಗೆ ಬೇಕಾದ ಜಿಎಸ್‌ಟಿಆರ್-2ಬಿ ಪಟ್ಟಿ ಪೋರ್ಟಲ್‌ನಲ್ಲಿ ಸಿದ್ಧವಾಗುವುದೇ 14ರಂದು, ಅದನ್ನು ಬಳಸಬೇಕಾದದ್ದು 20ರ ಸಲ್ಲಿಕೆಗೆ. ನಾನು 17ರಂದು ಬಂದು ನೋಡಿದರೂ ಮೂರು ದಿನ ಕೈಯಲ್ಲಿರುತ್ತದೆ. ಹೀಗೆ ಪಟ್ಟಿಯಿಂದ ಹೊಡೆದುಹಾಕುತ್ತ ಹೋದಾಗ ಮೂರೇ ಕೆಲಸಗಳು ಉಳಿದವು. ಸಂಜೆಯ ಲಾರಿಗಳಿಗೆ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ತೆಗೆಯುವುದು, 10ರಂದು ಹದಿನಾಲ್ಕು ಸರಬರಾಜುದಾರರಿಗೆ ಪಾವತಿ ಮಾಡುವುದು, 11ರೊಳಗೆ ಜಿಎಸ್‌ಟಿಆರ್-1 ಸಲ್ಲಿಸುವುದು.

ಪಾವತಿಯನ್ನು ಏಕೆ ಮುಂದೂಡಲಾಗದು ಎಂಬುದನ್ನು ನಾನೇ ಒಮ್ಮೆ ಪರೀಕ್ಷಿಸಿಕೊಂಡೆ, ಏಕೆಂದರೆ ಕಾರಣ ಹೇಳಲಾಗದ ಗಡುವನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು. ಹದಿನಾಲ್ವರಲ್ಲಿ ಮೂವರು ಸಣ್ಣ ಉದ್ಯಮಗಳೆಂದು ನೋಂದಾಯಿಸಿಕೊಂಡವರು. ಅಂಥವರೊಂದಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಆ ಮೂವರ 45ನೆಯ ದಿನ ನವೆಂಬರ್ 12 ಮತ್ತು 13ಕ್ಕೆ ಬರುತ್ತಿತ್ತು. 5ರಂದೇ ಕೊಟ್ಟುಬಿಡೋಣವೆಂದರೆ, ನಮ್ಮ ದೊಡ್ಡ ಗ್ರಾಹಕರಿಂದ ಹಣ ಬರುವುದೇ 7ರ ನಂತರ. ಹಾಗಾಗಿ 10 ಎಂಬ ತಾರೀಕು ನಿಜವಾದದ್ದೇ ಆಗಿತ್ತು.

ಇನ್ನು ಯಾರನ್ನು ಕೇಳುವುದು? ಪಕ್ಕದ ಮೇಜಿನಲ್ಲಿ ಕುಳಿತು ಖರೀದಿ ಬಿಲ್ಲುಗಳನ್ನು ನೋಡುವ ಸಹೋದ್ಯೋಗಿಗೆ ನನ್ನ ಕೆಲಸ ಚೆನ್ನಾಗಿ ಗೊತ್ತು, ಮತ್ತು ಯಾರಾದರೂ ಮೊದಲು ಅವರನ್ನೇ ಕೇಳುತ್ತಿದ್ದರು. ಆದರೆ ಬ್ಯಾಂಕಿನಲ್ಲಿ ನನ್ನ ಪಾವತಿಗಳನ್ನು ಅನುಮೋದಿಸುವವರು ಅವರೇ. ಪಾವತಿ ಸಲ್ಲಿಸುವ ನಾನು ಮೇಕರ್, ಅನುಮೋದಿಸುವ ಅವರು ಚೆಕರ್. ಒಂದೇ ಪಾವತಿಯನ್ನು ಇಬ್ಬರ ಸ್ಥಾನದಲ್ಲೂ ನಿಂತು ಒಬ್ಬರೇ ಮಾಡಲು ಬ್ಯಾಂಕು ಬಿಡುವುದಿಲ್ಲ, ಬಿಡಲೂಬಾರದು. ಇದು ರಜೆಯ ಮೊದಲ ದಿನ ಪರದೆಯ ಮುಂದೆ ಗೊತ್ತಾಗಿದ್ದರೆ ಸರಿಪಡಿಸಲು ಸಮಯವೇ ಇರುತ್ತಿರಲಿಲ್ಲ, ಏಕೆಂದರೆ ನಮ್ಮ ಬ್ಯಾಂಕಿನಲ್ಲಿ ಹೊಸಬರಿಗೆ ಮೇಕರ್ ಹಕ್ಕು ಕೊಡಿಸಲು ನಿರ್ದೇಶಕರು ಸಹಿ ಮಾಡಿದ ಅರ್ಜಿ ಹೋಗಬೇಕು, ಅದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಎರಡು ವಾರ ಮೊದಲೇ ಕೇಳಬೇಕೆಂದು ನಾನು ನಿರ್ಧರಿಸಿದ್ದು ಈ ಕಾರಣಕ್ಕೆ. ಉಳಿದವರಲ್ಲಿ ಗ್ರಾಹಕರಿಂದ ಬರಬೇಕಾದ ಹಣದ ಲೆಕ್ಕ ನೋಡುವ ಮೇಡಂ ಇದ್ದರು. ಮಾರಾಟದ ದಾಖಲೆ ಅವರ ಬೆರಳ ತುದಿಯಲ್ಲಿರುತ್ತದೆ, ಆದ್ದರಿಂದ ಜಿಎಸ್‌ಟಿಆರ್-1 ಅವರಿಗೆ ಅಪರಿಚಿತವಲ್ಲ.

ವಿಭಾಗದ ಮುಖ್ಯಸ್ಥರಿಗೆ ಮೊದಲು ಹೇಳಿ, ಅವರಿಂದಲೇ ಮೇಡಂಗೆ ಹೇಳಿಸುವುದು ಸುಲಭದ ದಾರಿಯಾಗಿತ್ತು. ನಾನು ಹಾಗೆ ಮಾಡಲಿಲ್ಲ. ಮುಖ್ಯಸ್ಥರ ಪ್ರತಿ ಹಾಕಿದ ಪತ್ರಕ್ಕೆ ‘ನನಗೆ ಆಗುವುದಿಲ್ಲ’ ಎಂದು ಬರೆಯುವುದು ಯಾರಿಗೂ ಹಗುರವಲ್ಲ. ಅಲ್ಲಿ ಸಿಗುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಮತ್ತು ಅದರ ಬೆಲೆ ಗೊತ್ತಾಗುವುದು ಗಡುವಿನ ದಿನ. ಅಕ್ಟೋಬರ್ 18ರ ಮಧ್ಯಾಹ್ನ ಊಟವಾದ ಮೇಲೆ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಅವರ ಮೇಜಿನ ಬಳಿ ಹೋದೆ.

‘ಮೇಡಂ, ಒಂದು ಹತ್ತು ನಿಮಿಷ ಬಿಡುವಿದೆಯೇ? ನಮ್ಮ ತಾಯಿಗೆ ನವೆಂಬರ್ 7ಕ್ಕೆ ಮಂಡಿ ಆಪರೇಷನ್ ಇದೆ. ನಾನು 6ರಿಂದ 15ರವರೆಗೆ ಇರುವುದಿಲ್ಲ. ಮೂರು ಕೆಲಸಗಳಿಗೆ ನಿಮ್ಮನ್ನು ಕೇಳಬೇಕೆಂದಿದ್ದೇನೆ. ಆಗುತ್ತದೆಯೋ ಇಲ್ಲವೋ ಎಂದು ಈಗಲೇ ಹೇಳಬೇಕಾಗಿಲ್ಲ, ನಾಡಿದ್ದು ಹೇಳಿದರೆ ಸಾಕು. ಸರ್‌ಗೆ ನಾನಿನ್ನೂ ಯಾರ ಹೆಸರನ್ನೂ ಹೇಳಿಲ್ಲ.’

ಅವರು ಮೊದಲು ತಾಯಿಯ ವಿಷಯ ಕೇಳಿದರು, ಯಾವ ಕಾಲು, ಎಷ್ಟು ದಿನ ಆಸ್ಪತ್ರೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಪಟ್ಟಿಯನ್ನು ಓದಿ, ಇ-ವೇ ಬಿಲ್ಲಿನ ಸಾಲಿನ ಮೇಲೆ ಬೆರಳಿಟ್ಟರು. ‘ಇದು ನನ್ನಿಂದಾಗದು. ಲಾರಿ ತುಂಬುವುದು ಆರು ಗಂಟೆಗೆ. ನಾನು ಐದೂವರೆಗೆ ಹೊರಡದಿದ್ದರೆ ಮಗುವನ್ನು ಡೇಕೇರ್‌ನಿಂದ ಕರೆದುಕೊಂಡು ಬರುವವರಿಲ್ಲ’ ಎಂದರು. ಐದು ವರ್ಷ ಜೊತೆಗೆ ಕೆಲಸ ಮಾಡಿದರೂ ಅವರು ಪ್ರತಿದಿನ ಐದೂವರೆಗೆ ಏಕೆ ಹೊರಡುತ್ತಾರೆಂದು ನಾನು ಯೋಚಿಸಿರಲಿಲ್ಲ. ನಾನು ಪಟ್ಟಿ ಮಾಡದೆ ‘ನನ್ನ ಕೆಲಸ ನೋಡಿಕೊಳ್ಳಿ’ ಎಂದಿದ್ದರೆ ಅವರು ಬಹುಶಃ ಹೂಂ ಎನ್ನುತ್ತಿದ್ದರು, ಮತ್ತು 6ರ ಸಂಜೆ ಇಬ್ಬರೂ ಇಕ್ಕಟ್ಟಿಗೆ ಸಿಕ್ಕುತ್ತಿದ್ದೆವು. 50,000 ರೂಪಾಯಿಗೂ ಹೆಚ್ಚಿನ ಸರಕು ಇ-ವೇ ಬಿಲ್ ಇಲ್ಲದೆ ಗೇಟು ದಾಟುವಂತಿಲ್ಲ.

ಅದಕ್ಕೆ ಪರಿಹಾರ ಬೇರೆ ಕಡೆ ಇತ್ತು. ಡಿಸ್ಪ್ಯಾಚ್ ವಿಭಾಗದ ಹುಡುಗನೇ ದಿನವೂ ಲಾರಿಯ ನಂಬರನ್ನು ನನಗೆ ಫೋನಿನಲ್ಲಿ ಹೇಳುತ್ತಿದ್ದ, ನಾನು ಅದನ್ನು ಟೈಪ್ ಮಾಡುತ್ತಿದ್ದೆ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಉಪಬಳಕೆದಾರರನ್ನು ಸೃಷ್ಟಿಸುವ ಸೌಲಭ್ಯವಿದೆ. ಮುಖ್ಯಸ್ಥರ ಅನುಮತಿ ಪಡೆದು ಅವನ ಹೆಸರಿನಲ್ಲಿ ಒಂದು ಲಾಗಿನ್ ಮಾಡಿಸಿ, ಬಿಲ್ ತೆಗೆಯುವಷ್ಟೇ ಹಕ್ಕು ಕೊಡಿಸಿದೆ. ನಾನಿನ್ನೂ ಕಚೇರಿಯಲ್ಲಿದ್ದಾಗಲೇ ಅವನು ಹತ್ತು ದಿನ ಅದನ್ನು ಬಳಸಿದ. ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುವುದು ಹಲವು ಕಚೇರಿಗಳಲ್ಲಿ ನಡೆಯುವ ಪದ್ಧತಿಯೇ. ಆದರೆ ಹಾಗೆ ಮಾಡಿದರೆ ತಪ್ಪಾದಾಗ ಯಾರು ಮಾಡಿದ್ದೆಂದು ತಿಳಿಯುವುದಿಲ್ಲ, ಸಹಾಯ ಮಾಡಲು ಬಂದವರೂ ಸಂಶಯದಲ್ಲಿ ನಿಲ್ಲಬೇಕಾಗುತ್ತದೆ.

ಉಳಿದ ಎರಡಕ್ಕೆ ಮೇಡಂ ಮರುದಿನವೇ ಒಪ್ಪಿದರು. ಆಮೇಲೆ, ಅವರ ಒಪ್ಪಿಗೆಯಿಂದಲೇ ಮುಖ್ಯಸ್ಥರಿಗೂ ಪ್ರತಿ ಹಾಕಿ, ಹೀಗೆ ಬರೆದು ಕಳುಹಿಸಿದೆ:

‘ಮೇಡಂ, ನಮಸ್ಕಾರ. ನಾವು ಮಾತನಾಡಿಕೊಂಡಂತೆ, ನವೆಂಬರ್ 6ರಿಂದ 15ರವರೆಗಿನ ನನ್ನ ರಜೆಯಲ್ಲಿ ಎರಡು ಕೆಲಸಗಳಿಗೆ ನಿಮ್ಮ ಸಹಾಯ ಕೋರುತ್ತೇನೆ. ಮೊದಲನೆಯದು, 10ರ ಬೆಳಿಗ್ಗೆ ಹನ್ನೊಂದರೊಳಗೆ ಸರಬರಾಜುದಾರರ ಪಾವತಿ ಕಡತವನ್ನು ಬ್ಯಾಂಕಿನಲ್ಲಿ ಅಪ್‌ಲೋಡ್ ಮಾಡುವುದು. ಕಡತದಲ್ಲಿ ಹದಿನಾಲ್ಕು ಹೆಸರುಗಳಿರುತ್ತವೆ; ಅದನ್ನು ನಾನು 5ರಂದು ಸಿದ್ಧಪಡಿಸಿ, ಮುಖ್ಯಸ್ಥರ ಒಪ್ಪಿಗೆ ಪಡೆದು ಇಟ್ಟಿರುತ್ತೇನೆ. ಇದಕ್ಕೆ ಅರ್ಧ ಗಂಟೆ ಬೇಕಾಗಬಹುದು. ಎರಡನೆಯದು, 10ರ ಮಧ್ಯಾಹ್ನ ಜಿಎಸ್‌ಟಿಆರ್-1ರ ಮೊತ್ತವನ್ನು ನಮ್ಮ ಟ್ಯಾಲಿ ಲೆಕ್ಕಪುಸ್ತಕದ ಮಾರಾಟ ಮೊತ್ತದೊಂದಿಗೆ ಹೋಲಿಸಿ, ಸರಿಯಿದ್ದರೆ ನಿರ್ದೇಶಕರಿಂದ ಸಹಿ ಮಾಡಿಸುವುದು. ಇದಕ್ಕೆ ಒಂದೂವರೆ ಗಂಟೆ ಬೇಕು. ಅವರು ಆ ದಿನ ಮೂರು ಗಂಟೆಗೆ ಸಮಯ ಕೊಟ್ಟಿದ್ದಾರೆ. ಟಿಡಿಎಸ್, ಪಿಎಫ್ ಮತ್ತು ಇಎಸ್‌ಐ ನಾನೇ 5ರಂದು ಕಟ್ಟಿರುತ್ತೇನೆ. 2ಬಿ ಹೊಂದಾಣಿಕೆ, ಸರಬರಾಜುದಾರರ ಹೊಸ ನೋಂದಣಿ, ಬ್ಯಾಂಕ್ ಖಾತೆ ಬದಲಾವಣೆ, ಲೆಕ್ಕಪರಿಶೋಧಕರ ಪ್ರಶ್ನೆಗಳು ಇವು ಯಾವುವೂ ನಿಮ್ಮ ಪಾಲಿಗಲ್ಲ. ಬಂದರೆ 17ರವರೆಗೆ ಹಾಗೆಯೇ ಇರಲಿ. ಮೊತ್ತ ಹೊಂದದಿದ್ದರೆ ಅಥವಾ ಬ್ಯಾಂಕು ಕಡತವನ್ನು ತಿರಸ್ಕರಿಸಿದರೆ ದಯವಿಟ್ಟು ಕರೆ ಮಾಡಿ. ಸಂಜೆ ನಾಲ್ಕರಿಂದ ಐದರವರೆಗೆ ಖಂಡಿತ ಸಿಗುತ್ತೇನೆ. ನಡುವೆ ನಿಮಗೆ ಅನನುಕೂಲವಾದರೆ ಮುಖ್ಯಸ್ಥರಿಗೆ ಹೇಳಿದರೆ ಸಾಕು. ಕಡತ ಮತ್ತು ಸೂಚನೆಗಳು ಅವರ ಬಳಿಯೂ ಇರುತ್ತವೆ.’

ಈ ಪತ್ರದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿ ಬರೆದದ್ದು ‘ನಿಮ್ಮ ಪಾಲಿಗಲ್ಲ’ ಎಂಬ ಭಾಗ. ಇನ್ನೊಬ್ಬರ ಕೆಲಸ ವಹಿಸಿಕೊಂಡವರಿಗೆ ಆ ಎರಡು ಗಂಟೆಯ ದುಡಿಮೆ ಭಾರವಾಗುವುದಿಲ್ಲ. ಅದರ ಹೊರಗೆ ಇನ್ನೇನು ಬಂದು ಮೇಲೆ ಬೀಳುವುದೋ ಎಂಬುದು ಗೊತ್ತಿಲ್ಲದಿರುವುದು ಭಾರವಾಗುತ್ತದೆ. ಬೇಡದ ಕೆಲಸಗಳನ್ನು ಹೆಸರಿಟ್ಟು ಬರೆದಾಗ, ಬೇರೆಯವರು ಬಂದು ಕೇಳಿದರೂ ‘ಅದು 17ಕ್ಕೆ’ ಎಂದು ಹೇಳುವ ಹಕ್ಕು ಅವರ ಕೈಗೆ ಬರುತ್ತದೆ. ಸಮಯದ ಅಂದಾಜನ್ನೂ ನನ್ನ ವೇಗದಲ್ಲಿ ಬರೆಯಲಿಲ್ಲ. ಹೋಲಿಕೆಯ ಕೆಲಸ ನನಗೆ ನಲವತ್ತು ನಿಮಿಷ ಹಿಡಿಯುತ್ತದೆ. ತಿಂಗಳಿಗೊಮ್ಮೆಯೂ ಮಾಡದವರಿಗೆ ಎರಡರಷ್ಟು ಬೇಕು. 11ರ ಬದಲು 10 ಎಂದು ಬರೆದದ್ದು ಕೊನೆಯ ದಿನ ಪೋರ್ಟಲ್ ನಿಧಾನವಾಗುವುದನ್ನು ಹಲವು ಸಲ ಅನುಭವಿಸಿದ್ದರಿಂದ. ಡಿಜಿಟಲ್ ಸಹಿಯ ಟೋಕನ್ ಮಾತ್ರ ಯಾರಿಗೂ ಹಸ್ತಾಂತರವಾಗುವ ವಸ್ತುವಲ್ಲ. ಅದು ಸಹಿದಾರರದ್ದು, ಆದ್ದರಿಂದ ನಿರ್ದೇಶಕರ ಬಿಡುವನ್ನು ನಾನೇ ಮೊದಲು ಗೊತ್ತುಮಾಡಿಕೊಂಡೆ, ಮೇಡಂ ಅವರ ಬಾಗಿಲಲ್ಲಿ ಕಾಯುವಂತಾಗಬಾರದೆಂದು.

ಡಿಸೆಂಬರ್‌ನಲ್ಲಿ ಅವರ ರಜೆಗೆ ನಾನು ನಿಲ್ಲುತ್ತೇನೆ ಎಂಬ ಮಾತನ್ನು ಪತ್ರದಲ್ಲಿ ಬರೆಯಬೇಕೆಂದುಕೊಂಡು, ಬರೆದು, ಅಳಿಸಿದೆ. ಅವರು ಒಪ್ಪಿದ ಮೇಲೆ ಬಾಯಿಮಾತಿನಲ್ಲಿ ಹೇಳಿದೆ. ಕೇಳುವಾಗಲೇ ಹೇಳಿದ್ದರೆ ಅದು ಕೊಡು-ಕೊಳ್ಳುವ ವ್ಯವಹಾರದಂತೆ ಕೇಳಿಸುತ್ತಿತ್ತು.

ನವೆಂಬರ್ 4ರಂದು ನಾವಿಬ್ಬರೂ ಮುಕ್ಕಾಲು ಗಂಟೆ ಒಟ್ಟಿಗೆ ಕುಳಿತೆವು. ಮೌಸ್ ಅವರ ಕೈಯಲ್ಲಿತ್ತು, ನಾನು ಪಕ್ಕದಲ್ಲಿ ಕುಳಿತಿದ್ದೆ. ನಾನು ಮಾಡಿ ತೋರಿಸಿದ್ದರೆ ಎಲ್ಲವೂ ಸುಲಭವೆನಿಸಿ, ಅವರ ಲಾಗಿನ್‌ನಲ್ಲಿ ಅಪ್‌ಲೋಡ್ ಗುಂಡಿಯೇ ಇಲ್ಲವೆಂಬುದು 10ರಂದು ಗೊತ್ತಾಗುತ್ತಿತ್ತು. ಬ್ಯಾಂಕು ಮೇಕರ್ ಹಕ್ಕನ್ನು ಕೊಟ್ಟಿತ್ತಾದರೂ, ಹಲವರಿಗೆ ಒಂದೇ ಸಲ ಪಾವತಿ ಮಾಡುವ ಹಕ್ಕನ್ನು ಸೇರಿಸಿರಲಿಲ್ಲ. ಆ ದಿನವೇ ಶಾಖೆಗೆ ಫೋನ್ ಮಾಡಿ ಮರುದಿನ ಸರಿಪಡಿಸಿಕೊಂಡೆವು. ಎರಡು ವರ್ಷದ ಹಿಂದಿನ ಪಾಠವನ್ನು ಸೂಚನೆಯ ಹಾಳೆಯಲ್ಲಿ ಹೀಗೆ ಬರೆದಿಟ್ಟೆ: ‘ಸಲ್ಲಿಸಲಾಗಿದೆ ಎಂದು ಬಂದರೆ ಕೆಲಸ ಅರ್ಧವಾದಂತೆ. ಚೆಕರ್ ಅನುಮೋದಿಸಿ, ಪ್ರತಿ ಹೆಸರಿನ ಮುಂದೆ ಬ್ಯಾಂಕಿನ ವಹಿವಾಟು ಗುರುತಾದ ಯುಟಿಆರ್ ಸಂಖ್ಯೆ ಕಂಡರೆ ಪೂರ್ತಿಯಾದಂತೆ.’ ಪ್ರತಿ ಕೆಲಸಕ್ಕೂ ಅದು ಮುಗಿದಾಗ ಪರದೆಯಲ್ಲಿ ಏನು ಕಾಣಿಸಬೇಕೆಂದು ಬರೆದೆ. ಜಿಎಸ್‌ಟಿಆರ್-1ಕ್ಕಾದರೆ ಸಲ್ಲಿಕೆಯಾದ ಮೇಲೆ ಪೋರ್ಟಲ್ ಕೊಡುವ ಎಆರ್‌ಎನ್ ಸಂಖ್ಯೆ.

10ರ ಬೆಳಿಗ್ಗೆ ನಾನು ತಾಯಿಯನ್ನು ವಾಕರ್ ಹಿಡಿಸಿ ನಡೆಸುತ್ತಿದ್ದಾಗ ಮೇಡಂ ಅವರ ಒಂದು ಸಂದೇಶ ಬಂತು: ಹದಿನಾಲ್ಕೂ ಯುಟಿಆರ್ ಬಂದಿವೆ. ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕರೆ ಬಂತು. ಪೋರ್ಟಲ್‌ನ ಮೊತ್ತ ಟ್ಯಾಲಿಗಿಂತ 18,400 ರೂಪಾಯಿ ಹೆಚ್ಚಾಗಿ ಕಾಣಿಸುತ್ತಿತ್ತು. ಅವರು ಸಹಿಯನ್ನು ತಡೆದು, ನಿರ್ದೇಶಕರನ್ನು ಮರುದಿನ ಬೆಳಿಗ್ಗೆ ಹತ್ತಕ್ಕೆ ಕೇಳಿಕೊಂಡು, ನಾನು ಹೇಳಿದ ಹೊತ್ತಿಗೇ ಕರೆ ಮಾಡಿದ್ದರು. ಮೊತ್ತ ಕೇಳಿದೊಡನೆ ನನಗೆ ನೆನಪಾಯಿತು. ಅಕ್ಟೋಬರ್ ಕೊನೆಯಲ್ಲಿ ಗ್ರಾಹಕರೊಬ್ಬರು ಹಿಂದಿರುಗಿಸಿದ ಸರಕಿಗೆ ನಾನು ಟ್ಯಾಲಿಯಲ್ಲಿ ಮಾರಾಟ ತಗ್ಗಿಸಿದ್ದೆ, ಆದರೆ ಆ ಕಡಿತದ ಕ್ರೆಡಿಟ್ ನೋಟನ್ನು ಸರ್ಕಾರದ ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ನೋಂದಾಯಿಸಿರಲಿಲ್ಲ, ಹಾಗಾಗಿ ಅದು ಪೋರ್ಟಲ್‌ನ ಮೊತ್ತಕ್ಕೆ ಬಂದಿರಲಿಲ್ಲ. ಹಾಳೆಯಲ್ಲಿ ಅದರ ಉಲ್ಲೇಖವೂ ಇರಲಿಲ್ಲ. ನೋಂದಣಿಯಾಗದ ಕ್ರೆಡಿಟ್ ನೋಟನ್ನು ಕೈಯಿಂದ ಸೇರಿಸುವುದು ಸರಿಯಲ್ಲ. ನವೆಂಬರ್‌ನಲ್ಲಿ ಸರಿಯಾಗಿ ನೋಂದಾಯಿಸಿ ಆ ತಿಂಗಳ ಲೆಕ್ಕದಲ್ಲಿ ತೋರಿಸಲು ಅವಕಾಶವಿತ್ತು. ‘ಪೋರ್ಟಲ್‌ನ ಮೊತ್ತವನ್ನೇ ಸಲ್ಲಿಸಿ ಮೇಡಂ, ವ್ಯತ್ಯಾಸ ನನ್ನದು, 17ಕ್ಕೆ ನಾನೇ ಸರಿಪಡಿಸುತ್ತೇನೆ’ ಎಂದೆ, ಮತ್ತು ಅದನ್ನೇ ಎರಡು ಸಾಲಿನಲ್ಲಿ ಮುಖ್ಯಸ್ಥರಿಗೂ ಬರೆದೆ. ದೂರದಿಂದ ಬಾಯಲ್ಲಿ ಹೇಳಿದ ನಿರ್ಧಾರದ ಹೊಣೆ, ಬರಹದಲ್ಲಿ ಇಲ್ಲದಿದ್ದರೆ, ಕಚೇರಿಯಲ್ಲಿ ಇರುವವರ ಮೇಲೆ ಬೀಳುತ್ತದೆ. 11ರ ಬೆಳಿಗ್ಗೆ ಎಆರ್‌ಎನ್ ಬಂತು.

ಇನ್ನೊಂದು ಸಂಗತಿ ನನಗೆ ತಿಳಿದದ್ದು ವಾಪಸಾದ ಮೇಲೆ. 12ರಂದು ಸರಬರಾಜುದಾರರೊಬ್ಬರಿಂದ, ತಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣವನ್ನು ಹೊಸ ಖಾತೆಗೆ ಹಾಕಿ ಎಂಬ ಇಮೇಲ್ ಬಂದಿತ್ತು. ಆಮೇಲೆ ಎರಡು ಸಲ ಅವಸರಪಡಿಸಿಯೂ ಬರೆದಿದ್ದರು. ಮೇಡಂ ಅದನ್ನು ಮುಟ್ಟದೆ, 17ರ ನಂತರ ಉತ್ತರ ಬರುತ್ತದೆಂದು ತಿಳಿಸಿದ್ದರು. ನಾನು ಬಂದು, ಇಮೇಲಿನಲ್ಲಿದ್ದ ನಂಬರಿಗಲ್ಲದೆ ನಮ್ಮಲ್ಲಿ ಮೊದಲೇ ಇದ್ದ ನಂಬರಿಗೆ ಕರೆ ಮಾಡಿ ವಿಚಾರಿಸಿದೆ. ಬದಲಾವಣೆ ನಿಜವಾದದ್ದೇ ಆಗಿತ್ತು. ನಿಜವಾಗಿರದಿದ್ದರೂ ನಮ್ಮ ಹಣ ಹೋಗುತ್ತಿರಲಿಲ್ಲ.

17ರ ಬೆಳಿಗ್ಗೆ ಮೊದಲು ಮಾಡಿದ ಕೆಲಸ, ‘ಎರಡೂ ಕೆಲಸಗಳು ಇಂದಿನಿಂದ ಮತ್ತೆ ನನ್ನವು’ ಎಂದು ಮೇಡಂ ಮತ್ತು ಮುಖ್ಯಸ್ಥರಿಗೆ ಬರೆದದ್ದು. ಹಾಗೆ ಬರೆಯದಿದ್ದರೆ ಜನ ಮುಂದಿನ ತಿಂಗಳೂ ಅವರನ್ನೇ ಕೇಳುತ್ತಿರುತ್ತಾರೆ. ಪಾವತಿ ಸರಿಯಾದ ಸಮಯಕ್ಕೆ ಹೋದದ್ದನ್ನೂ, ಸಹಿಯನ್ನು ತಡೆದು ಕೇಳಿದ್ದರಿಂದ ಕ್ರೆಡಿಟ್ ನೋಟಿನ ತಪ್ಪು ಸಿಕ್ಕಿದ್ದನ್ನೂ ಅದೇ ಪತ್ರದಲ್ಲಿ ಹೆಸರಿಸಿದೆ. ಅವರ ಮೇಕರ್ ಹಕ್ಕನ್ನು ಹಿಂಪಡೆಯುವ ಅರ್ಜಿ ಆ ದಿನವೇ ಬ್ಯಾಂಕಿಗೆ ಹೋಯಿತು. ಡಿಸ್ಪ್ಯಾಚ್ ಹುಡುಗನ ಲಾಗಿನ್ ಮಾತ್ರ ಉಳಿಯಿತು. ಆ ಕೆಲಸ ಮೊದಲಿನಿಂದಲೂ ಅವನ ಬಳಿಯೇ ಇರಬೇಕಾಗಿತ್ತೆಂದು ಮುಖ್ಯಸ್ಥರೂ ಒಪ್ಪಿದರು.

ನಾನು ಕೊಟ್ಟಿದ್ದ ಸೂಚನೆಯ ಹಾಳೆಯನ್ನು ಮೇಡಂ ಹಿಂದಿರುಗಿಸಿದಾಗ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಟಿಪ್ಪಣಿಗಳಿದ್ದವು. ಪಾವತಿಯ ಫೋಲ್ಡರಿನ ಹೆಸರು ಹಾಳೆಯಲ್ಲಿ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು. ಬ್ಯಾಂಕಿನ ಒಟಿಪಿ ಯಾರ ಫೋನಿಗೆ ಬರುತ್ತದೆಂದು ಬರೆದಿಲ್ಲ. ಹಿಂದಿರುಗಿದ ಸರಕಿನ ಪಟ್ಟಿಯನ್ನು ಹೋಲಿಕೆಗೆ ಮೊದಲೇ ನೋಡಬೇಕು. ಮೂರನ್ನೂ ಅದೇ ಸಂಜೆ ಹಾಳೆಯಲ್ಲಿ ಸೇರಿಸಿ, ಹೊಸ ಪ್ರತಿ ತೆಗೆದು, ಹಳೆಯದರ ಜೊತೆಗೇ ಪಿನ್ ಮಾಡಿಟ್ಟೆ.